ಅಮ್ಮನಿಗೆ: ಹೊಸ ಫೋನಿಗೆ ವಾಟ್ಸಾಪ್ ಸಾಗಿಸುವುದು

ಅಮ್ಮಾ,

ಅಣ್ಣ ತಂದುಕೊಟ್ಟ ಫೋನು ಇನ್ನೂ ಡಬ್ಬದಲ್ಲೇ ಇದೆಯಂತೆ. ಹಳೇದರಲ್ಲಿ ಇರುವುದೆಲ್ಲ ಹೋಗಿಬಿಟ್ಟರೆ ಅಂತ ನಿನಗೆ ಭಯ ಅಂತ ಅತ್ತಿಗೆ ಹೇಳಿದರು. ಹೋಗಲ್ಲ. ಅವಸರ ಮಾಡಿದರೆ ಮಾತ್ರ ಹೋಗುತ್ತದೆ. ಇದನ್ನು ಪ್ರಿಂಟ್ ತೆಗೆದು ಕೊಡಲು ಅತ್ತಿಗೆಗೆ ಹೇಳಿದ್ದೇನೆ, ಯಾಕೆಂದರೆ ಫೋನು ಬದಲಾಯಿಸುವಾಗ ಅದೇ ಫೋನಲ್ಲಿರುವ ಚೀಟಿ ಓದುವುದು ಕಷ್ಟ ಅಲ್ವಾ. ಪರದೆ ಮೇಲೆ ಇಂಗ್ಲಿಷಲ್ಲಿ ಕಾಣುವ ಪದಗಳನ್ನು ಹಾಗೇ ಬರೆದಿದ್ದೇನೆ, ಅಕ್ಷರ ಹೊಂದಿಸಿ ನೋಡಿ ಒತ್ತು.

ಮೊದಲು ಒಂದು ವಿಷಯ. ನೀನು ಅಂದುಕೊಂಡ ಹಾಗೆ ಮೆಸೇಜುಗಳು ಸಿಮ್‌ನಲ್ಲಿ ಇರಲ್ಲ, ಫೋನಿನ ಒಳಗೆ ಇರುತ್ತವೆ. ಸಿಮ್ ಹಾಕಿದರೆ ನಿನ್ನ ನಂಬರು, ಗುಂಪುಗಳು ಹೊಸ ಫೋನಿಗೆ ಬರುತ್ತವೆ, ಹಳೇ ಮಾತುಕತೆ ಬರಲ್ಲ. ಮನೆ ಬದಲಾಯಿಸಿದಾಗ ಪಾತ್ರೆ ಪಡಗ ತಾನಾಗೇ ನಡೆದು ಬರುತ್ತಾ? ನಾವೇ ಗಂಟು ಕಟ್ಟಿ ಸಾಗಿಸಬೇಕು. ಆ ಗಂಟಿಗೆ ಬ್ಯಾಕಪ್ ಅಂತಾರೆ. ಅದು ನಿನ್ನ ಜಿಮೇಲ್ ಖಾತೆಯ ಗೂಗಲ್ ಜಾಗದಲ್ಲಿ ಹೋಗಿ ಕೂರುತ್ತದೆ.

ಬೆಳಗ್ಗೆ ತಿಂಡಿ ಆದಮೇಲೆ ಕೂತುಕೋ, ರಾತ್ರಿ ಕಣ್ಣು ಎಳೆಯುವಾಗ ಬೇಡ. ಎರಡೂ ಫೋನು ಚಾರ್ಜಿಗೆ ಹಾಕು, ಮನೆಯ ವೈಫೈ ಆನ್ ಇರಲಿ.

ಹಳೇ ಫೋನಲ್ಲಿ ವಾಟ್ಸಾಪ್ ತೆಗೆ. ಮೇಲೆ ಬಲಗಡೆ ಮೂರು ಚುಕ್ಕೆ ಇದೆಯಲ್ಲ, ಅದನ್ನು ಒತ್ತಿ Settings, ಆಮೇಲೆ Chats, ಆಮೇಲೆ Chat backup. ಅಲ್ಲಿ ಕೆಳಗೆ ನಿನ್ನ ಜಿಮೇಲ್ ವಿಳಾಸ ಕಾಣುತ್ತದೆ. ಅದನ್ನು ಒಂದು ಹಾಳೆಯಲ್ಲಿ ಒಂದಕ್ಷರ ಬಿಡದೆ ಬರೆದುಕೋ. ನಿನಗೆ ಎರಡು ಜಿಮೇಲ್ ಇವೆ, ಬ್ಯಾಂಕಿನವರು ಮಾಡಿಸಿದ್ದು ಒಂದು, ನಾನು ಮಾಡಿಕೊಟ್ಟಿದ್ದು ಒಂದು. ಹೊಸ ಫೋನಲ್ಲಿ ಬೇರೆ ಜಿಮೇಲ್ ಹಾಕಿದರೆ ಗಂಟು ಅಲ್ಲಿ ಸಿಗಲ್ಲ. ಎಷ್ಟೋ ಜನರ ಹಳೇ ಮೆಸೇಜು ಕಾಣೆಯಾಗುವುದು ಹೀಗೇ. Include videos ಅಂತ ಒಂದು ಗುಂಡಿ ಇದೆ, ಪುಟ್ಟಿ ಕುಣಿದ ವಿಡಿಯೋಗಳು ಬೇಕಲ್ಲ, ಆನ್ ಮಾಡು. ಆಮೇಲೆ ಹಸಿರು Back up ಒತ್ತಿ ಸುಮ್ನೆ ಬಿಟ್ಟುಬಿಡು. ಬೇಗ ಮುಗಿಯಲ್ಲ. ಮುಗಿದ ಮೇಲೆ ಅಲ್ಲೇ ಇವತ್ತಿನ ಸಮಯ ತೋರಿಸುತ್ತದೆ, ಅದನ್ನು ನೋಡಿದ ಮೇಲೆಯೇ ಮುಂದಕ್ಕೆ ಹೋಗು.

ಜಾಗ ಸಾಲದು ಅಂತ ಬಂದರೆ ಹೆದರಬೇಡ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮೇಲು, ಫೋಟೋ, ವಾಟ್ಸಾಪು ಎಲ್ಲ ಹಿಡಿಸಬೇಕು. Settings ಒಳಗೆ Storage and data, ಅದರೊಳಗೆ Manage storage ಅಂತ ಇದೆ, ತುಂಬಾ ಸಲ ಫಾರ್ವರ್ಡ್ ಆದವನ್ನೆಲ್ಲ ಅಲ್ಲಿ ಒಂದೇ ಕಡೆ ಗುಡ್ಡೆ ಹಾಕಿ ತೋರಿಸುತ್ತದೆ. ನಿನ್ನ ಭಜನಾ ಮಂಡಳಿ ಗುಂಪಿನ ಶುಭೋದಯದ ಹೂವು, ದೀಪ, ಕುಣಿಯುವ ಗಣೇಶ ಎಲ್ಲ ಅಲ್ಲೇ ಸಿಗುತ್ತವೆ. ಧಾರಾಳವಾಗಿ ಅಳಿಸು, ನಾಳೆ ಬೆಳಗ್ಗೆ ಐದಕ್ಕೆ ಮತ್ತೆ ಬರುತ್ತವೆ. ಚಿಕ್ಕಮ್ಮ ಧ್ವನಿಯಲ್ಲಿ ಹೇಳಿ ಕಳಿಸಿದ ಬಿಸಿಬೇಳೆಬಾತ್ ಪುಡಿ ಅಳತೆ ಅಂಥವನ್ನು ಮಾತ್ರ ಮುಟ್ಟಬೇಡ. ಅಂದಹಾಗೆ ಮಂಡ್ಯದ ಜಮೀನಿನ ಪಹಣಿ ಫೋಟೋನೂ ನೀನು ವಾಟ್ಸಾಪ್‌ನಲ್ಲೇ ಇಟ್ಟುಕೊಂಡಿದ್ದೀಯ. ಅದು ಕಾಗದ ಪತ್ರ ಇಡುವ ಜಾಗ ಅಲ್ಲ ಅಮ್ಮ. ಒಂದೊಂದಾಗಿ ನನಗೆ ಮೇಲ್ ಮಾಡು, ನಾನು ಬೇರೆ ಕಡೆ ಇಡುತ್ತೇನೆ.

Chat backup ಪುಟದಲ್ಲೇ End-to-end encrypted backup ಅಂತ ಒಂದು ಸಾಲಿದೆ. ಗಂಟಿಗೆ ಬೀಗ ಹಾಕುವುದು ಅದು. ಒಳ್ಳೇದೇ, ಆದರೆ ಪಾಸ್‌ವರ್ಡ್ ಇಟ್ಟು ಮರೆತರೆ ವಾಟ್ಸಾಪ್‌ನವರೂ ತೆಗೆದು ಕೊಡಲಾರರು. ಈಗ Off ಇದ್ದರೆ Off ಇರಲಿ, ನಾನು ಬಂದಾಗ ಸೇರಿ ಹಾಕೋಣ. On ಇದ್ದರೆ ಏನೂ ಮಾಡದೆ ನನಗೆ ಫೋನ್ ಮಾಡು.

ಬ್ಯಾಕಪ್ ಆದ ತಕ್ಷಣವೇ ಮುಂದಿನ ಕೆಲಸ ಶುರು ಮಾಡು. ಇವತ್ತು ಬ್ಯಾಕಪ್ ಮಾಡಿ ನಾಡಿದ್ದು ಫೋನು ಬದಲಾಯಿಸಿದರೆ ಮಧ್ಯದಲ್ಲಿ ಬಂದ ಮೆಸೇಜು ಗಂಟಿನಲ್ಲಿ ಇರಲ್ಲ.

ಈಗ ಹೊಸ ಫೋನು. ಹಳೇದರಿಂದ ಸಿಮ್ ತೆಗೆದು ಇದಕ್ಕೆ ಹಾಕು, ಹಳೇದನ್ನು ಆಫ್ ಮಾಡಬೇಡ, ವೈಫೈನಲ್ಲಿ ಇರಲಿ. ಹಾಳೆಯಲ್ಲಿ ಬರೆದ ಜಿಮೇಲನ್ನೇ ಹೊಸದರಲ್ಲಿ ಹಾಕು, ಆಗ ಹಳೇ ಫೋನಿನ ಪರದೆ ಮೇಲೆ “ನೀವೇನಾ” ಅಂತ ಗೂಗಲ್ ಕೇಳಬಹುದು, Yes ಒತ್ತು. ಪ್ಲೇ ಸ್ಟೋರಿಂದ ವಾಟ್ಸಾಪ್ ಇಳಿಸಿಕೋ, ಬೇರೆ ಯಾರೋ ಕಳಿಸಿದ ಲಿಂಕಿಂದ ಬೇಡವೇ ಬೇಡ. ಅದೇ ನಂಬರು ಕೊಡು. ಆರು ಅಂಕಿಯ ಓಟಿಪಿ ಬರುತ್ತದೆ, ಹಾಕು. ಆಮೇಲೆ ಪಿನ್ ಕೇಳಿದರೆ ಅದೂ ಆರು ಅಂಕಿಯೇ, ಹೋದ ದಸರಾಗೆ ಬಂದಾಗ ಇಟ್ಟುಕೊಟ್ಟಿದ್ದು. ನಿನ್ನ ಕ್ಯಾಲೆಂಡರ್ ಹಿಂದೆ ಬರೆದಿದ್ದೇನೆ.

ಇಲ್ಲಿಂದ ನಿಧಾನ. ಬ್ಯಾಕಪ್ ಸಿಕ್ಕಿದೆ, ತರಲೇ ಅಂತ ಕೇಳುತ್ತದೆ. Restore ಒತ್ತು. ಪಕ್ಕದಲ್ಲಿ Skip ಅಂತಲೂ ಇರುತ್ತದೆ, ಅದನ್ನು ಒತ್ತಬೇಡ, ಕೈತಪ್ಪಿ ಕೂಡ. ಈ ಪ್ರಶ್ನೆ ಮತ್ತೆ ಮತ್ತೆ ಕೇಳಲ್ಲ. ಒತ್ತಿಬಿಟ್ಟೆಯೋ, ಹೊಸ ಫೋನಲ್ಲಿ ಯಾರಿಗೂ ಮೆಸೇಜು ಮಾಡದೆ, ಮತ್ತೆ Back up ಒತ್ತದೆ ನನಗೆ ಫೋನ್ ಮಾಡು. ಆ್ಯಪ್ ತೆಗೆದು ಮತ್ತೆ ಹಾಕಿದರೆ ಇನ್ನೊಂದು ಸಲ ಕೇಳುತ್ತದೆ, ಆದರೆ ಅಷ್ಟರಲ್ಲಿ ಹೊಸ ಖಾಲಿ ಬ್ಯಾಕಪ್ ಆಗಿಬಿಟ್ಟರೆ ಹಳೇದರ ಜಾಗದಲ್ಲಿ ಅದು ಕೂತುಬಿಡುತ್ತದೆ.

ಮೊದಲು ಬರುವುದು ಬರಹ ಮಾತ್ರ. ಫೋಟೋ ವಿಡಿಯೋ ಹಿಂದಿನಿಂದ ಒಂದೊಂದಾಗಿ ಬರುತ್ತವೆ. ಮಸುಕು ಮಸುಕಾಗಿ ಕಂಡರೆ ಹಾಳಾಗಿದೆ ಅಂತ ಗಾಬರಿ ಬೇಡ, ವೈಫೈಲಿ ಬಿಟ್ಟು ಅಡುಗೆ ಮಾಡಿಕೋ. ಹಳೇ ಫೋನಲ್ಲಿ ವಾಟ್ಸಾಪ್ ಲಾಗ್‌ಔಟ್ ಆಗಿದೆ ಅಂತ ತೋರಿಸಿದರೂ ಸರಿಯೇ, ಹಾಗೇ ಆಗಬೇಕು.

ಓಟಿಪಿ ವಿಷಯಕ್ಕೆ ಮಾತ್ರ ನಾನು ಬೈಯುತ್ತೇನೆ. ನೀನು ವಾಟ್ಸಾಪ್ ಹಾಕುವಾಗ ಬರುವ ಆ ಆರು ಅಂಕಿ ನಿನ್ನ ಕಣ್ಣಿಗೆ ಮಾತ್ರ. ಯಾರೋ ಫೋನ್ ಮಾಡಿ “ಕಂಪನಿಯಿಂದ ಮೇಡಂ, ಸಿಮ್ ಬಂದ್ ಆಗುತ್ತೆ, ನಂಬರ್ ಹೇಳಿ” ಅಂದರೆ ಇಟ್ಟುಬಿಡು. ನಮ್ಮವರ ನಂಬರಿಂದಲೇ “ಅತ್ತೆ, ತಪ್ಪಾಗಿ ನಿಮಗೆ ಒಂದು ಕೋಡ್ ಬಂದಿದೆ, ಕಳಿಸಿ” ಅಂತ ಮೆಸೇಜು ಬಂದರೂ ಕಳಿಸಬೇಡ, ಅವರ ವಾಟ್ಸಾಪ್ ಬೇರೆಯವರ ಕೈಗೆ ಹೋಗಿರಬಹುದು. ಫೋನ್ ಮಾಡಿ ಅವರ ಧ್ವನಿ ಕೇಳು. ಕೊಟ್ಟೇಬಿಟ್ಟಿದ್ದರೆ ಮುಚ್ಚಿಡದೆ ಆಗಲೇ ನನಗೆ ಹೇಳು. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಗೇ ಇರುವ ಸರ್ಕಾರಿ ನಂಬರು, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೇದು.

ಅರಸು ರಸ್ತೆಯ ಅಂಗಡಿಯ ಹುಡುಗ ಒಳ್ಳೆಯವನೇ ಇರಬಹುದು, “ಕೊಡಿ ಆಂಟಿ, ಎರಡು ನಿಮಿಷ” ಅನ್ನುತ್ತಾನೆ. ಕೊಡಬೇಡ. ಬ್ಯಾಂಕಿನ ಮೆಸೇಜು, ನಮ್ಮೆಲ್ಲರ ಫೋಟೋ ಎಲ್ಲ ಬಿಚ್ಚಿಟ್ಟು ಅವನ ಕೈಗೆ ಕೊಟ್ಟ ಹಾಗೆ. ಹಳೇದನ್ನು ಎಕ್ಸ್‌ಚೇಂಜ್‌ಗೆ ಹಾಕಿ ಎರಡು ಸಾವಿರ ಉಳಿಸೋಣ ಅಂತಾನೆ ಅಣ್ಣ, ಉಳಿಸಲಿ, ಆದರೆ ಈ ವಾರ ಅಲ್ಲ. ಹೊಸದರಲ್ಲಿ ನಮ್ಮ ಮನೆ ಗುಂಪಿನ ಹಳೇ ಫೋಟೋ ಕೆಲವು ತೆರೆದು ನೋಡು, ಚಿಕ್ಕಮ್ಮನ ಧ್ವನಿ ಮೆಸೇಜು ಕೇಳಿ ನೋಡು. ಎಲ್ಲ ಇದ್ದರೂ ಹಳೇ ಫೋನನ್ನು ಅಲ್ಮೆರಾದಲ್ಲಿ ಇಡು. ಶನಿವಾರ ಸಂಜೆ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ಬರುತ್ತೇನೆ, ಒಳಗಿನ ಮೆಮೊರಿ ಕಾರ್ಡ್ ತೆಗೆದು, ಎಲ್ಲ ಅಳಿಸಿ ನಾನೇ ಅಣ್ಣನ ಕೈಗೆ ಕೊಡುತ್ತೇನೆ.

ಮಧ್ಯಾಹ್ನ ಒಂದರಿಂದ ಎರಡು ನನಗೆ ಊಟದ ಹೊತ್ತು, ಎಲ್ಲಾದರೂ ಸಿಕ್ಕಿಕೊಂಡರೆ ಆಗ ಲ್ಯಾಂಡ್‌ಲೈನಿಂದ ಮಾಡು. ಫೋನು ಎರಡೂ ಕೈಯಲ್ಲಿ ಇರಲಿ.

ನಿನ್ನ ಮಗಳು