ಟಿಇಟಿಗೆ 50 ನಿಮಿಷ ಹೆಚ್ಚು ಸಮಯ ಕೋರಿ

ಗೆ,
ಮುಖ್ಯ ಅಧೀಕ್ಷಕರು,
ಟಿಇಟಿ ಪರೀಕ್ಷಾ ಕೇಂದ್ರ, ಹಾಸನ

ಮಾನ್ಯರೇ,

ಮುಂದಿನ ಭಾನುವಾರ ನಿಮ್ಮ ಕೇಂದ್ರದಲ್ಲಿ ಪತ್ರಿಕೆ 1 ಬರೆಯುತ್ತಿದ್ದೇನೆ. ನನಗೆ ಡಿಸ್ಲೆಕ್ಸಿಯಾ ಇದೆ. ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಓದುವುದೇ ನಿಧಾನ. ‘ಪ’ ಮತ್ತು ‘ಷ’ ಅದಲುಬದಲಾಗುತ್ತವೆ, ಒಂದೇ ಸಾಲನ್ನು ಮೂರು ಸಲ ಓದುತ್ತೇನೆ. ಓಎಂಆರ್ ಹಾಳೆಯಲ್ಲಂತೂ ಸ್ಕೇಲ್ ಇಟ್ಟುಕೊಳ್ಳದಿದ್ದರೆ 46ರ ಉತ್ತರ 47ರ ವೃತ್ತಕ್ಕೆ ಹೋಗಿಬಿಡುತ್ತದೆ.

150 ಪ್ರಶ್ನೆಗೆ 150 ನಿಮಿಷ. ಅಂಗವಿಕಲ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಆ ಲೆಕ್ಕದಲ್ಲಿ ನನಗೆ 50 ನಿಮಿಷ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ನನ್ನ ಪ್ರಮಾಣಪತ್ರದಲ್ಲಿ ಶೇ 40 ಎಂದಿದೆ.

ಹಿಂದೊಮ್ಮೆ ಬೇರೆ ಪರೀಕ್ಷೆಯಲ್ಲಿ ಪ್ರಮಾಣಪತ್ರ ತೋರಿಸಿದರೂ, ‘ನೋಡೋಕೆ ಚೆನ್ನಾಗೇ ಇದೀರಲ್ಲಾ’ ಎಂದು ಕೊಠಡಿಯಲ್ಲಿ ಹಾಳೆ ಕಿತ್ತುಕೊಂಡಿದ್ದರು. ಅದಕ್ಕೇ ಈ ಸಲ ಮೊದಲೇ ಬರೆಯುತ್ತಿದ್ದೇನೆ. ಕೊಠಡಿ ಮೇಲ್ವಿಚಾರಕರಿಗೂ ದಯವಿಟ್ಟು ತಿಳಿಸಿ. ಲಿಪಿಕಾರರು ಬೇಡ, ಸ್ಕೇಲ್ ಬಳಸಲು ಬಿಟ್ಟರೆ ಸಾಕು.

ಅನುಮತಿಯನ್ನು ಬರಹದಲ್ಲಿ ಕೊಡುವಿರಾ? ಶುಕ್ರವಾರ ಬೆಳಿಗ್ಗೆ ನಾನೇ ಬಂದು ತೆಗೆದುಕೊಳ್ಳುತ್ತೇನೆ.

ಲಗತ್ತು: ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್, ಪ್ರವೇಶಪತ್ರದ ಪ್ರತಿ

ಇಂತಿ ತಮ್ಮ ವಿಶ್ವಾಸಿ,
ಸುಮಾ ಎಚ್.