ಕೀಮೋ ಮುಗಿಯುವವರೆಗೆ ರಜೆ ಮತ್ತು ಹಗುರ ಕೆಲಸ ಕೋರಿ ಮನವಿ

ಮೈಸೂರು
10-06-2025

ಮ್ಯಾನೇಜರ್ ಅವರಿಗೆ,

ಸರ್, ನಮಸ್ಕಾರ.

ನನಗೆ ಸ್ತನ ಕ್ಯಾನ್ಸರ್ ಇರುವುದು ಕಳೆದ ತಿಂಗಳು ಗೊತ್ತಾಯಿತು. ಇದನ್ನು ನಿಮ್ಮಿಂದ ಮುಚ್ಚಿಡಲು ಮನಸ್ಸಾಗಲಿಲ್ಲ. ಜೂನ್ 16ಕ್ಕೆ ಕೀಮೋ ಶುರು. 21 ದಿನಕ್ಕೊಮ್ಮೆಯಂತೆ ನಾಲ್ಕು ಸಲ: ಜೂನ್ 16, ಜುಲೈ 7, ಜುಲೈ 28, ಆಗಸ್ಟ್ 18. ಆಮೇಲಿನದನ್ನು ಡಾಕ್ಟರ್ ಆಗ ಹೇಳುತ್ತಾರೆ.

ಪ್ರತಿ ಸಲ ಕೀಮೋ ದಿನ ಮತ್ತು ನಂತರದ ನಾಲ್ಕು ದಿನ ರಜೆ ಬೇಕು. ವಾಂತಿ, ಸುಸ್ತು ಆಗಲೇ ಜಾಸ್ತಿಯಂತೆ. ಎರಡನೇ ವಾರದಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಆ ವಾರ ಮನೆಯಿಂದಲೇ ಲೆಕ್ಕ ಬರೆಯಲು ಬಿಡಿ. ಸಣ್ಣ ಜ್ವರ ಬಂದರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ಹಾಗಾಗಿ ಕೆಲವೊಮ್ಮೆ ಮೊದಲೇ ಹೇಳಲು ಆಗದಿರಬಹುದು. ಮೂರನೇ ವಾರ ಅಂಗಡಿಗೆ ಬರುತ್ತೇನೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ.

ಒಂದು ವಿಶೇಷ ಕೋರಿಕೆ. ಕ್ಯಾಶ್ ಕೌಂಟರಿನಿಂದ ನನ್ನನ್ನು ಬಿಡಿಸಿ. ಅಲ್ಲಿ ದಿನವಿಡೀ ಜನ, ನಿಂತೇ ಇರಬೇಕು. ಒಳಗಿನ ರೂಮಿನಲ್ಲಿ ಕುಳಿತು ಬಿಲ್ ತಾಳೆ ನೋಡುತ್ತೇನೆ. ತಿಂಗಳ 11 ಮತ್ತು 20ರೊಳಗಿನ ಜಿಎಸ್‌ಟಿ ರಿಟರ್ನ್ ಕೆಲಸ ನನ್ನ ಕೈಯಲ್ಲೇ ಇರಲಿ ಸರ್, ಅದನ್ನು ತಪ್ಪಿಸುವುದಿಲ್ಲ. ಕೌಂಟರ್ ಕೆಲಸವನ್ನು ಈ ವಾರವೇ ಯಾರಿಗಾದರೂ ಕಲಿಸಿಕೊಡುತ್ತೇನೆ.

ನನ್ನ ಗಳಿಕೆ ರಜೆ 18 ದಿನ ಉಳಿದಿದೆ. ಮೊದಲು ಅದನ್ನೇ ಹಿಡಿಯಿರಿ. ಅದು ಮುಗಿದ ಮೇಲಿನ ಸಂಬಳದ ಬಗ್ಗೆ, ಇಎಸ್‌ಐ ಕಾಗದಗಳ ಬಗ್ಗೆ ಕುಳಿತು ಮಾತಾಡಬೇಕಿತ್ತು. ಗುರುವಾರ ಅರ್ಧ ಗಂಟೆ ಕೊಡಲು ಆಗುತ್ತದೆಯೇ?

ಕಾಯಿಲೆಯ ವಿಷಯ ಸದ್ಯಕ್ಕೆ ನಿಮ್ಮಲ್ಲೇ ಇರಲಿ. ಜೊತೆಯವರಿಗೆ ನಾನೇ ಹೇಳುತ್ತೇನೆ. ಡಾಕ್ಟರ್ ಪತ್ರ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸುಮಾ
ಲೆಕ್ಕಪತ್ರ ವಿಭಾಗ