ಕ್ಷೇತ್ರ ಸಂಯೋಜಕರ ಹುದ್ದೆಗೆ ಅರ್ಜಿ: ಕೆರೆ ಪುನಶ್ಚೇತನ, ಮುಳಬಾಗಿಲು ತಾಲ್ಲೂಕು

ಇಂದ,
ಸುಜಾತಾ ಎನ್.
ಆವಣಿ ಹೋಬಳಿ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ

ಗೆ,
ಕಾರ್ಯಕ್ರಮ ವ್ಯವಸ್ಥಾಪಕರು
ಕೆರೆ ಪುನಶ್ಚೇತನ ವಿಭಾಗ, ಕೋಲಾರ ಕ್ಷೇತ್ರ ಕಚೇರಿ

ದಿನಾಂಕ: 9 ಜೂನ್ 2025

ಮಾನ್ಯರೇ,

ಮುಳಬಾಗಿಲು ತಾಲ್ಲೂಕಿಗೆ ಕ್ಷೇತ್ರ ಸಂಯೋಜಕರು ಬೇಕು ಎಂಬ ನಿಮ್ಮ ಪ್ರಕಟಣೆ ನೋಡಿ ಈ ಅರ್ಜಿ ಬರೆಯುತ್ತಿದ್ದೇನೆ. ಬಿ.ಎ. ಮುಗಿಸಿದ್ದೇನೆ. ಕನ್ನಡ, ತೆಲುಗು ಎರಡೂ ಮನೆಮಾತಿನಂತೆ ಬರುತ್ತವೆ. ಟಿವಿಎಸ್ ಗಾಡಿ ಇದೆ, ಕಂಪ್ಯೂಟರಿನಲ್ಲಿ ಲೆಕ್ಕ ಮತ್ತು ವರದಿ ಬರೆಯಬಲ್ಲೆ. ಉಳಿದ ವಿವರ ಜೊತೆಗಿಟ್ಟ ಹಾಳೆಯಲ್ಲಿದೆ. ಇಲ್ಲಿ ನಮ್ಮೂರ ಕೆರೆಯಲ್ಲಿ ಮಾಡಿದ ಕೆಲಸದ ಬಗ್ಗೆ ಹೇಳುತ್ತೇನೆ. ನನ್ನನ್ನು ಅಳೆಯಲು ಅದೇ ಸರಿ ಅನ್ನಿಸುತ್ತದೆ.

ನಮ್ಮ ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ. ಹಾಗಾಗಿ ಅದು ಸಣ್ಣ ನೀರಾವರಿ ಇಲಾಖೆಗೆ ಸೇರದೆ ಪಂಚಾಯತ್ ವ್ಯಾಪ್ತಿಯಲ್ಲೇ ಉಳಿದಿದೆ. ಎರಡು ವರ್ಷದ ಹಿಂದೆ ಊರಿನ ಸಭೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಜೆಸಿಬಿ ತರಿಸಿ ಹೂಳು ತೆಗೆಸೋಣ. ಹಿಂದೆಯೂ ಹೂಳು ತೆಗೆದದ್ದಿದೆ. ಆದರೂ ನೀರು ನಿಲ್ಲಲಿಲ್ಲ. ನೀರು ಬಂದರೆ ತಾನೇ ನಿಲ್ಲುವುದು? ಅದಕ್ಕೇ ನಾನು ಕೆರೆ ಅಂಗಳ ಬಿಟ್ಟು ರಾಜಕಾಲುವೆ ಕಡೆ ಹೋದೆ.

ಗ್ರಾಮ ನಕ್ಷೆ ತೆಗೆಸಿಕೊಂಡು, ಮೊಬೈಲಿನಲ್ಲಿ ದಿಶಾಂಕ್ ತೆರೆದು, ಸರ್ವೆ ನಂಬರ್ ನೋಡುತ್ತಾ ಕಾಲುವೆ ಉದ್ದಕ್ಕೂ ನಡೆದೆ. ಜೊತೆಗೆ ನಮ್ಮೂರ ನೀರಗಂಟಿ ತಾತ ಇದ್ದರು. ಅವರಿಗೆ ನಕ್ಷೆ ಬೇಕಿರಲಿಲ್ಲ. ಯಾವ ದಿಣ್ಣೆಯ ನೀರು ಎಲ್ಲಿ ತಿರುಗುತ್ತದೆ, ಮೇಲಿನ ಕೆರೆ ಕೋಡಿ ಹರಿದರೆ ಎಷ್ಟು ಹೊತ್ತಿಗೆ ನಮ್ಮ ಕೆರೆಗೆ ನೀರು ತಲುಪುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಮೊದಲೆಲ್ಲ ತೂಬಿನ ಬಿರಟೆ ತೆಗೆಯಲು ಅವರೇ ನೀರಿಗೆ ಧುಮುಕುತ್ತಿದ್ದರಂತೆ. ಕೂಲಿ ಎಂದರೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಕೊಡುತ್ತಿದ್ದ ಕಾಳು. ಕೆರೆ ಬತ್ತಿದ ಮೇಲೆ ಆ ಕಾಳೂ ನಿಂತಿತು, ಅವರನ್ನು ಕೇಳುವವರೂ ಇಲ್ಲವಾದರು. ಅವರು ಹೇಳಿದ್ದನ್ನೆಲ್ಲ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಅದರ ಪ್ರತಿ ಜೊತೆಗಿದೆ. ನಾನು ಮಾಡಿದ ಕೆಲಸಗಳಲ್ಲಿ ಬೆಲೆ ಬಾಳುವುದು ಅದೇ ಎಂದು ನಂಬಿದ್ದೇನೆ.

ಕಾಲುವೆ ಎರಡು ಕಡೆ ಸತ್ತಿತ್ತು.

ಒಂದು, ರಸ್ತೆ ದಾಟುವ ಮೋರಿಯ ಹತ್ತಿರ. ನೋಡಲು ಮೋರಿ ಚೆನ್ನಾಗಿಯೇ ಇತ್ತು, ಒಳಗೆ ಕಸವೂ ಇರಲಿಲ್ಲ. ಜೋರು ಮಳೆ ಬಂದ ಒಂದು ಸಂಜೆ ಕೊಡೆ ಹಿಡಿದು ಹೋಗಿ ನೋಡಿದಾಗ ಗೊತ್ತಾಯಿತು. ನೀರು ರಸ್ತೆಯ ಈಚೆ ಕಡೆಯೇ ಕೆರೆಯಂತೆ ನಿಂತು, ಪಕ್ಕದ ನೀಲಗಿರಿ ತೋಪಿಗೆ ಹರಿದು ಹೋಗುತ್ತಿತ್ತು. ಮಾರನೇ ದಿನ ಗಾರೆ ಕೆಲಸದವರೊಬ್ಬರನ್ನು ಕರೆದುಕೊಂಡು ಹೋಗಿ ಟ್ಯೂಬ್ ಲೆವೆಲ್ ಹಿಡಿದು ನೋಡಿದೆವು. ರಸ್ತೆ ಎತ್ತರಿಸುವಾಗ ಹಾಕಿದ್ದ ಪೈಪಿನ ತಳ ಕಾಲುವೆ ತಳಕ್ಕಿಂತ ಒಂದು ಮೊಳ ಮೇಲಿತ್ತು! ಫೋಟೋ, ಅಳತೆ ಸೇರಿಸಿ ಅರ್ಜಿ ಕೊಟ್ಟೆ. ಉತ್ತರ ಬರಲಿಲ್ಲ. ಗ್ರಾಮಸಭೆಯಲ್ಲಿ ಎಲ್ಲರ ಎದುರು ಅದೇ ಟ್ಯೂಬ್ ಲೆವೆಲಿನ ಅಳತೆ ಓದಿ ಹೇಳಿದ ಮೇಲೆ ಕೆಲಸ ಕ್ರಿಯಾಯೋಜನೆಗೆ ಸೇರಿತು. ಪೈಪ್ ಇಳಿಸಿದ್ದಾರೆ.

ಇನ್ನೊಂದು, ಒಬ್ಬ ರೈತರ ಹೊಲದಲ್ಲಿ. ಅಲ್ಲಿ ಕಾಲುವೆ ಮುಚ್ಚಿ ರಾಗಿ ಬಿತ್ತಿದ್ದರು. ದಾಖಲೆಯಲ್ಲಿ ಅದು ಸರ್ಕಾರಿ ಖರಾಬು. ಕಾನೂನು ಹಿಡಿದು ಹೋಗಬಹುದಿತ್ತು. ಹಾಗೆ ಮಾಡಿದ್ದರೆ ಊರು ಎರಡು ಪಾಲಾಗುತ್ತಿತ್ತು. ಅವರ ಮನೆ ಜಗಲಿಯಲ್ಲಿ ಕೂತು ಕೇಳಿದಾಗ ಅವರ ಕಷ್ಟ ಗೊತ್ತಾಯಿತು. ಕಾಲುವೆ ಇದ್ದರೆ ಟ್ರ್ಯಾಕ್ಟರ್ ಆಚೆ ತುಂಡಿಗೆ ದಾಟುವುದಿಲ್ಲ, ಅಷ್ಟೇ. "ದಾರಿ ಮಾಡಿಕೊಡಮ್ಮ, ನಾಳೆಯೇ ಬಿಡ್ತೀನಿ" ಎಂದರು. ಅಚ್ಚುಕಟ್ಟಿನ ರೈತರು ಸೇರಿ ಚಪ್ಪಡಿ ಕಲ್ಲು ತಂದು ಹಾಸಿದರು. ರಾಗಿ ಕೊಯ್ಲು ಮುಗಿದ ಮೇಲೆ ನರೇಗಾ ಕೂಲಿಯವರು ಕಾಲುವೆ ತೋಡಿದರು. ಈಗ ಅದೇ ರೈತರು ಕಾಲುವೆಗೆ ಯಾರಾದರೂ ಕಸ ಹಾಕಿದರೆ ಗದರಿಸುತ್ತಾರೆ.

ಹೂಳು ತೆಗೆದದ್ದು ಇದೆಲ್ಲ ಆದ ಮೇಲೆ, ಬೇಸಿಗೆಯಲ್ಲಿ. ಏರಿಯ ಬುಡಕ್ಕೆ ಕೈ ಹಾಕಲು ಬಿಡಲಿಲ್ಲ. ತಳದ ಜೇಡಿಮಣ್ಣು ಕಂಡ ಕಡೆ ಅಗೆತ ನಿಲ್ಲಿಸಿದೆವು. ಅದನ್ನು ಕಿತ್ತರೆ ಕೆರೆ ನೀರು ಹಿಡಿದುಕೊಳ್ಳುವುದಿಲ್ಲ. ಗೋಡುಮಣ್ಣು ಹಂಚುವುದರಲ್ಲಿ ಒಂದು ವಿಷಯಕ್ಕೆ ನಾನು ಜಗಳವನ್ನೂ ಆಡಿದ್ದೇನೆ. ಸುಮ್ನೆ ಬಿಟ್ಟರೆ ಸ್ವಂತ ಟ್ರ್ಯಾಕ್ಟರ್ ಇದ್ದವರಿಗೇ ಮಣ್ಣೆಲ್ಲ ಹೋಗುತ್ತದೆ, ಎಸ್‌ಸಿ ಕಾಲೊನಿಯ ಅರ್ಧ ಎಕರೆ, ಒಂದು ಎಕರೆಯವರಿಗೆ ಏನೂ ಸಿಗುವುದಿಲ್ಲ. ಮೊದಲ ವಾರ ಅವರ ಹೆಸರೇ ಪಟ್ಟಿಯಲ್ಲಿ ಮೇಲೆ ಬಂತು. ಎಲ್ಲರೂ ಚಂದಾ ಹಾಕಿ ಒಂದು ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದರು. ಕೆರೆ ಅಂಗಳದ ಬಳ್ಳಾರಿ ಜಾಲಿ ಕೀಳುವ ಮೊದಲು ಅದನ್ನು ಸೌದೆಗೆ ನಂಬಿದ್ದ ಹೆಂಗಸರ ಜೊತೆ ಮಾತಾಡಿ, ಕಡಿದದ್ದನ್ನು ಅವರೇ ಒಯ್ಯುವಂತೆ ಮಾಡಿದೆವು.

ನಮ್ಮಲ್ಲಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಳೆದ ವರ್ಷ ಆ ತಿಂಗಳುಗಳಲ್ಲಿ ಕೆರೆಗೆ ಅರ್ಧದಷ್ಟು ನೀರು ಬಂತು. ಕೋಡಿ ಬೀಳಲಿಲ್ಲ. ಕೆಳಗಿನ ಎರಡು ಬಾವಿಗಳಲ್ಲಿ ನೀರು ಕಾಣಿಸಿತು. ಕೊಳವೆಬಾವಿಗಳ ಬಗ್ಗೆ ಈಗಲೇ ಏನೂ ಹೇಳಲಾರೆ, ಒಂದು ಮಳೆಗಾಲದಲ್ಲಿ ಹೇಳುವ ಮಾತಲ್ಲ ಅದು.

ಈ ಕೆಲಸದ ಮೇಲೆ ನನಗೇಕೆ ಇಷ್ಟು ಮನಸ್ಸು ಎಂದರೆ, ಅದು ನಮ್ಮ ಮನೆಯದೇ ಕಥೆ. ಅಪ್ಪ ಸಾಲ ಮಾಡಿ ಸಾವಿರ ಅಡಿಗೂ ಆಳಕ್ಕೆ ಬೋರ್ ಕೊರೆಸಿದರು, ಬರೀ ಧೂಳು ಬಂತು. ಆಳದಿಂದ ನೀರು ಬಂದ ಕಡೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ, ದಾಟಿದ ನೀರು ಕುಡಿದ ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ ನಾನು ದಿನಾ ನೋಡುತ್ತೇನೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನಮ್ಮ ಕೆರೆ ಆ ಪಟ್ಟಿಯಲ್ಲಿ ಇಲ್ಲ. ನಮಗಿರುವುದು ಮಳೆಯೊಂದೇ.

ನಿಮ್ಮ ಪ್ರಕಟಣೆಯಲ್ಲಿ ಮೊದಲ ವರ್ಷದ ಗುರಿಯನ್ನು ತೆಗೆದ ಹೂಳಿನ ಲೆಕ್ಕದಲ್ಲಿ ಕೊಟ್ಟಿದ್ದೀರಿ. ನನ್ನನ್ನು ತೆಗೆದುಕೊಂಡರೆ ಮೊದಲ ಮಳೆಗಾಲ ಪೂರ್ತಿ ಕಾಲುವೆಗಳಲ್ಲಿ ನಡೆಯಲು ಬಿಡಿ ಎಂದು ಕೇಳುತ್ತೇನೆ. ಹಳೆಯ ನೀರಗಂಟಿಗಳು ಬದುಕಿರುವಾಗಲೇ ಅವರನ್ನು ಜೊತೆಗೆ ಕರೆದುಕೊಂಡು, ಅವರಿಗೆ ದಿನದ ಕೂಲಿ ಕೊಟ್ಟು, ಪ್ರತಿ ಕೆರೆಯ ನಕ್ಷೆ ಬರೆಯಬೇಕು. ಜೆಸಿಬಿ ಬೇಸಿಗೆಗೆ ಬಂದರೆ ಸಾಕು. ಇದು ನಿಮ್ಮ ಯೋಜನೆಗೆ ಹೊಂದುವುದಿಲ್ಲ ಎಂದಾದರೆ ಸಂದರ್ಶನದಲ್ಲೇ ಹೇಳಿ, ಮಾತಾಡೋಣ.

ಸಂದರ್ಶನಕ್ಕೆ ಕೋಲಾರಕ್ಕೆ ಬರುತ್ತೇನೆ. ನಿಮಗೆ ಸಾಧ್ಯವಾದರೆ ನೀವೇ ಒಮ್ಮೆ ನಮ್ಮ ಕಾಲುವೆಗೆ ಬನ್ನಿ, ಅರ್ಧ ದಿನ ಸಾಕು. ನನ್ನ ಬಗ್ಗೆ ವಿಚಾರಿಸಬೇಕಾದವರೆಲ್ಲ ಅಲ್ಲೇ ಸಿಗುತ್ತಾರೆ, ಕಾಲುವೆ ಬಿಟ್ಟುಕೊಟ್ಟ ರೈತರೂ ಸೇರಿ. ಪ್ರಕಟಣೆಯಲ್ಲಿ ಹೇಳಿದ ಸಂಬಳಕ್ಕೆ ಒಪ್ಪಿಗೆ ಇದೆ. ಜುಲೈ 1ರಿಂದ ಕೆಲಸಕ್ಕೆ ಸೇರಬಲ್ಲೆ.

ಇಂತಿ ತಮ್ಮ ವಿಶ್ವಾಸಿ,
ಸುಜಾತಾ ಎನ್.

ಲಗತ್ತು: ಸ್ವವಿವರ, ಪದವಿ ಪ್ರಮಾಣಪತ್ರದ ಪ್ರತಿ, ಗುರುತು ಹಾಕಿದ ಗ್ರಾಮ ನಕ್ಷೆಯ ಪ್ರತಿ, ಮೋರಿಯ ಅಳತೆ ಮತ್ತು ಫೋಟೋಗಳು, ಗೋಡುಮಣ್ಣು ಹಂಚಿಕೆಯ ಪಟ್ಟಿ